ಚಿತ್ರ ಒಂದು ಹೇಳುತ್ತದೆ, ಲೆಕ್ಕ ಇನ್ನೊಂದು: ಮಸೂರದ ಉತ್ತರದಲ್ಲಿ ಚಿಹ್ನೆ ಎಲ್ಲಿ ತಪ್ಪಿತು?

ಪ್ರಶ್ನೆ: ಹತ್ತನೇ ತರಗತಿಯ ಕಿರುಪರೀಕ್ಷೆಗೆ ಒಂದು ಲೆಕ್ಕ ಕೊಟ್ಟಿದ್ದೆ. ಪೀನ ಮಸೂರದ ಸಂಗಮದೂರ 15 ಸೆಂ.ಮೀ., ವಸ್ತು 10 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬ ಎಲ್ಲಿ, ಎಂಥದ್ದು, ಎಷ್ಟು ದೊಡ್ಡದು? ಕಿರಣ ಚಿತ್ರವನ್ನೂ ಬರೆಯಬೇಕಿತ್ತು. ಜಾಸ್ತಿ ಮಕ್ಕಳಿಗೆ 6 ಬಂದಿದೆ. ಕೆಲವರಿಗೆ −30 ಸರಿಯಾಗಿ ಬಂದರೂ ವರ್ಧನೆ −3 ಎಂದಿದ್ದಾರೆ. ಚಿತ್ರ ಮಾತ್ರ ಎಲ್ಲರದ್ದೂ ಸರಿಯಿದ್ದ ಹಾಗೆ ಕಾಣುತ್ತದೆ. ಎಲ್ಲಿ ತಪ್ಪಿದ್ದಾರೆ ಎಂದು ಹಿಡಿಯುವುದು ಹೇಗೆ? ಅಂಕ ಹೇಗೆ ಕೊಡಲಿ?
— ವಿಜ್ಞಾನ ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ಅಕ್ಕೋರೆ, ಮೊದಲು ಚಿತ್ರವನ್ನೇ ನೋಡೋಣ. ಕಿರಣ ಎಳೆಯುವಾಗ ಪ್ಲಸ್, ಮೈನಸ್ ಯಾವುದೂ ಬೇಕಾಗುವುದಿಲ್ಲ. ಹಾಗಾಗಿ ಚಿಹ್ನೆ ತಪ್ಪಾಗಿದೆಯೇ ಎಂದು ನೋಡುವುದಕ್ಕೆ ಚಿತ್ರದಷ್ಟು ನಂಬಿಕೆಯ ಸಾಕ್ಷಿ ಬೇರೆ ಇಲ್ಲ. ಆದರೆ ಅದು ಅಳತೆಗೆ ಬರೆದ ಚಿತ್ರ ಆಗಿರಬೇಕು. ವಸ್ತು ಸಂಗಮಕ್ಕಿಂತ ಹತ್ತಿರ ಇದ್ದಾಗಿನ ಚಿತ್ರವನ್ನು ಮಕ್ಕಳು ಬಾಯಿಪಾಠ ಮಾಡಿದ ಹಾಗೆ ಕೈಪಾಠ ಮಾಡಿರುತ್ತಾರೆ. ಲೆಕ್ಕದಲ್ಲಿ 6 ಬಂದಿದ್ದರೂ ಚಿತ್ರದಲ್ಲಿ ಹಿಂದುಗಡೆ ದೊಡ್ಡ ಪ್ರತಿಬಿಂಬ ಇರುತ್ತದೆ. ನಿಮಗೆ ಎಲ್ಲರ ಚಿತ್ರವೂ ಸರಿ ಕಂಡಿದ್ದು ಇದೇ ಕಾರಣಕ್ಕೆ ಇರಬೇಕು.

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಹಾಳೆಯ ಮೇಲಿನ 1 ಸೆಂ.ಮೀ. ಅಂದರೆ ನಿಜದ 5 ಸೆಂ.ಮೀ. ಎಂದಿಟ್ಟುಕೊಳ್ಳಿ. ನಡುವೆ ಮಸೂರದ ಗೆರೆ ಎಳೆಯಿರಿ. ಅದರ ಎಡಕ್ಕೆ 2 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ಎತ್ತರದ ವಸ್ತು. ಎರಡೂ ಬದಿಗೆ 3 ಸೆಂ.ಮೀ. ದೂರದಲ್ಲಿ ಸಂಗಮಗಳು. ಈಗ ವಸ್ತುವಿನ ತುದಿಯಿಂದ ಅಕ್ಷಕ್ಕೆ ಸಮಾಂತರವಾಗಿ ಒಂದು ಕಿರಣ. ಅದು ಮಸೂರ ದಾಟಿದ ಮೇಲೆ ಬಲಗಡೆಯ ಸಂಗಮದ ಮೂಲಕ ಇಳಿಯುತ್ತದೆ. ಇನ್ನೊಂದು ಕಿರಣ ಮಸೂರದ ಮಧ್ಯದಲ್ಲಿ ನೇರ ಹೋಗುತ್ತದೆ.

ಬಲಗಡೆ ಈ ಎರಡು ಕಿರಣ ಎಲ್ಲೂ ಸೇರುವುದಿಲ್ಲ, ಮುಂದೆ ಹೋದಷ್ಟೂ ದೂರವಾಗುತ್ತವೆ. ಸ್ಕೇಲ್ ಇಟ್ಟು ಎಡಕ್ಕೆ ಚುಕ್ಕೆ ಗೆರೆಯಲ್ಲಿ ಹಿಂದಕ್ಕೆ ಎಳೆದರೆ ಮಸೂರದಿಂದ 6 ಸೆಂ.ಮೀ. ದೂರದಲ್ಲಿ, 3 ಸೆಂ.ಮೀ. ಎತ್ತರದಲ್ಲಿ ಕೂಡುತ್ತವೆ. ಅಂದರೆ ನಿಜದಲ್ಲಿ 30 ಸೆಂ.ಮೀ. ದೂರ, ಮೂರು ಪಟ್ಟು ಎತ್ತರ, ನೇರ, ಮಿಥ್ಯ, ವಸ್ತು ಇರುವ ಬದಿಯಲ್ಲೇ. ಸೂತ್ರವನ್ನು ಮುಟ್ಟದೆಯೇ ಉತ್ತರ ಸಿಕ್ಕಿತು.

ಒಂದು ವಿಷಯಕ್ಕೆ ಎಚ್ಚರ ಬೇಕು. ಹಾಳೆಯ ಮೇಲೆ ಸಿಕ್ಕ 6 ಸೆಂ.ಮೀ. ಬೇರೆ, ಮಕ್ಕಳ ಲೆಕ್ಕದ 6 ಬೇರೆ. ಎರಡೂ ಅಂಕಿ ಒಂದೇ ಆಗಿದ್ದು ನಾವು ಆರಿಸಿಕೊಂಡ ಅಳತೆಯಿಂದ. ತರಗತಿಯಲ್ಲಿ ತೋರಿಸುವಾಗ ಬೇರೆ ಅಳತೆ ಇಟ್ಟುಕೊಂಡರೆ ಗೊಂದಲ ಇರುವುದಿಲ್ಲ.

ಈಗ ಮಕ್ಕಳ ಲೆಕ್ಕಕ್ಕೆ ಬರೋಣ. ನಮ್ಮ ಪಠ್ಯಪುಸ್ತಕದ ಪದ್ಧತಿಯಲ್ಲಿ ಎಲ್ಲ ದೂರವನ್ನೂ ಮಸೂರದ ಮಧ್ಯದಿಂದ ಅಳೆಯುತ್ತೇವೆ. ಬೆಳಕು ಹೋಗುವ ದಿಕ್ಕಿಗೆ ಅಳೆದರೆ ಪ್ಲಸ್, ಅದಕ್ಕೆ ಎದುರಾಗಿ ಅಳೆದರೆ ಮೈನಸ್. ಸೂತ್ರಗಳು ಹೀಗಿವೆ:

```
1/v − 1/u = 1/f
m = v/u
```

ನಿಮ್ಮ ಲೆಕ್ಕದಲ್ಲಿ u = −10, f = +15. ಹಾಕಿ ನೋಡಿದರೆ:

```
1/v = 1/15 + 1/(−10) = −1/30
v = −30
m = (−30)/(−10) = +3
```

6 ಹೇಗೆ ಬಂತು? ಇದಕ್ಕೆ ಎರಡು ದಾರಿ ಇದೆ, ಎರಡೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಮೊದಲ ದಾರಿಯಲ್ಲಿ ಮಗು ಸೂತ್ರವನ್ನು ಸರಿಯಾಗಿ ಬರೆದು u = 10 ಎಂದು ಚಿಹ್ನೆ ಇಲ್ಲದೆ ಹಾಕುತ್ತದೆ. 1/v = 1/15 + 1/10 ಆಗಿ v = 6 ಬರುತ್ತದೆ. ಎರಡನೇ ದಾರಿಯಲ್ಲಿ ಮಗು u = −10 ಎಂದು ಸರಿಯಾಗಿ ಬರೆದುಕೊಳ್ಳುತ್ತದೆ, ಆದರೆ ಸೂತ್ರವನ್ನು 1/v + 1/u = 1/f ಎಂದು ಬರೆಯುತ್ತದೆ. ಇದು ದರ್ಪಣದ ಸೂತ್ರ. ಅದೇ ಪಾಠದಲ್ಲಿ ಸ್ವಲ್ಪ ಮೊದಲು ಕಲಿತದ್ದು. ಅಲ್ಲಿಯೂ 1/15 + 1/10 ಆಗಿ 6 ಬರುತ್ತದೆ.

ಕೊನೆಯ ಉತ್ತರ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಬೆಲೆ ಹಾಕಿದ ಸಾಲನ್ನೇ ಓದಬೇಕು. ಮೊದಲನೇ ಮಗುವಿಗೆ ದೂರಕ್ಕೆ ಚಿಹ್ನೆ ಕೊಡುವ ಅಭ್ಯಾಸವಿಲ್ಲ. ಎರಡನೆಯದಕ್ಕೆ ಅಭ್ಯಾಸ ಇದೆ, ಸೂತ್ರ ಅದಲುಬದಲಾಗಿದೆ. ಇಬ್ಬರಿಗೂ "ಚಿಹ್ನೆ ತಪ್ಪು" ಎಂದು ಒಂದೇ ಷರಾ ಬರೆದರೆ ಎರಡನೇ ಮಗು ಸರಿಯಿದ್ದ −10 ಅನ್ನು ಮುಂದಿನ ಸಲ ಸುಮ್ನೆ +10 ಮಾಡಿಬಿಡುತ್ತದೆ.

6 ತಪ್ಪು ಎಂದು ಮಗುವಿಗೆ ತಾನಾಗಿಯೇ ಗೊತ್ತಾಗುವ ಒಂದು ಗುರುತಿದೆ. ಎದುರಿಗೆ ನಿಜವಾದ ವಸ್ತು ಇದ್ದಾಗ ಪೀನ ಮಸೂರದ ಸತ್ಯ ಪ್ರತಿಬಿಂಬ ಸಂಗಮಕ್ಕಿಂತ ಹತ್ತಿರ ಬರುವುದೇ ಇಲ್ಲ. ವಸ್ತು ಎಷ್ಟೇ ದೂರ ಹೋದರೂ ಪ್ರತಿಬಿಂಬ ಸಂಗಮದ ಹತ್ತಿರ ಬರುತ್ತದೆಯೇ ಹೊರತು ಅದನ್ನು ದಾಟಿ ಒಳಗೆ ಬರುವುದಿಲ್ಲ. 15 ಸೆಂ.ಮೀ. ಸಂಗಮದೂರದ ಮಸೂರಕ್ಕೆ +6 ಸಿಕ್ಕ ಕ್ಷಣವೇ ಪೆನ್ನು ನಿಲ್ಲಬೇಕು.

ಇನ್ನು −30 ಬರೆದು m = −3 ಎಂದವರು. ನನ್ನ ಮಟ್ಟಿಗೆ ಹೆಚ್ಚು ಕಾಳಜಿ ಬೇಕಾದದ್ದು ಇಲ್ಲಿಯೇ, ಯಾಕೆಂದರೆ ಅರ್ಧ ಉತ್ತರ ಕೀ ಉತ್ತರದ ಜೊತೆ ಹೊಂದುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಇವರು ಬರೆದ ಸಾಲು ಬಹುಶಃ ಹೀಗಿರುತ್ತದೆ: 1/v + 1/10 = 1/15. ಇದು ಹಳೆಯ ಪದ್ಧತಿ. ಅದರಲ್ಲಿ ಸತ್ಯವಾದದ್ದೆಲ್ಲ ಪ್ಲಸ್, ಮಿಥ್ಯವಾದದ್ದು ಮೈನಸ್. ವಸ್ತುದೂರ +10, ಸೂತ್ರದಲ್ಲಿ ಕೂಡು ಚಿಹ್ನೆ. ಹಳೆಯ ಪುಸ್ತಕಗಳಲ್ಲಿ ಇದು ಸಿಗುತ್ತದೆ. ಮನೆಯಲ್ಲಿ ಅಪ್ಪನೋ ದೊಡ್ಡಪ್ಪನೋ ಹೇಳಿಕೊಟ್ಟಿದ್ದರೂ ಆಶ್ಚರ್ಯವಿಲ್ಲ. ಆ ಪದ್ಧತಿಯೊಳಗೆ −30 ಪೂರ್ತಿ ಸರಿ. ಆದರೆ ಅಲ್ಲಿ ನೇರ ಪ್ರತಿಬಿಂಬಕ್ಕೆ ಪ್ಲಸ್ ಬರಬೇಕಾದರೆ m = −v/u ಎಂದು ತೆಗೆದುಕೊಳ್ಳಬೇಕು. ಮಗು ಒಂದು ಪದ್ಧತಿಯಲ್ಲಿ v ಕಂಡುಹಿಡಿದು, ಇನ್ನೊಂದು ಪದ್ಧತಿಯ m = v/u ಹಾಕಿತು. −30 ಅನ್ನು 10 ರಿಂದ ಭಾಗಿಸಿ −3, ಅಂದರೆ ಪ್ರತಿಬಿಂಬ ತಲೆಕೆಳಗು ಎಂದಾಯಿತು. ಪಕ್ಕದ ಚಿತ್ರದಲ್ಲಿ ನೋಡಿದರೆ ಅದು ನೆಟ್ಟಗೆ ನಿಂತಿದೆ.

ಈ ಬೆರಕೆ ಮೊದಲೇ ಯಾಕೆ ಸಿಕ್ಕಿಬೀಳಲಿಲ್ಲ ಅಂದರೆ, ಪೀನ ಮಸೂರದ ಮುಂದೆ ವಸ್ತು ಸಂಗಮದಾಚೆ ಇರುವವರೆಗೂ ಇದು ನಡೆಯುತ್ತದೆ. ವಸ್ತು 30 ಸೆಂ.ಮೀ. ದೂರದಲ್ಲಿದ್ದರೆ ಚಿಹ್ನೆಯೇ ಇಲ್ಲದೆ 1/v + 1/30 = 1/15 ಎಂದು ಬರೆದರೂ 30 ಬರುತ್ತದೆ, ಉತ್ತರಕ್ಕೆ ಸರಿ ಗುರುತು ಬೀಳುತ್ತದೆ. ವರ್ಧನೆ ಕೇಳದಿದ್ದರೆ ತಪ್ಪು ಹೊರಗೆ ಬರುವುದೇ ಇಲ್ಲ.

ಅಂಕದ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಇದು ಶಾಲೆಯ ಕಿರುಪರೀಕ್ಷೆಯ ಮಾತು, ಹೊರಗಿನ ಪರೀಕ್ಷೆಗೆ ಅವರ ಮಾರ್ಗಸೂಚಿಯೇ ಇರುತ್ತದೆ. ಚಿತ್ರಕ್ಕೆ ಬೇರೆ ಅಂಕ ಕೊಡಿ, ಲೆಕ್ಕಕ್ಕೆ ಬೇರೆ ಕೊಡಿ. ಒಂದೇ ತಪ್ಪಿಗೆ ಎರಡು ಸಲ ಕತ್ತರಿ ಹಾಕಬೇಡಿ. v ತಪ್ಪಾಗಿ 6 ಬಂದು, ಅದನ್ನೇ ಹಿಡಿದು m ಅನ್ನು ಕ್ರಮವಾಗಿ ಮಾಡಿದ್ದರೆ m ನ ಹಂತಕ್ಕೆ ಅಂಕ ಸಿಗಲಿ. ಆದರೆ v = +6 ಎಂದು ಬರೆದು ಕೆಳಗೆ "ಮಿಥ್ಯ, ನೇರ, ದೊಡ್ಡದು" ಎಂದಿದ್ದರೆ ಆ ವಾಕ್ಯಕ್ಕೆ ನಾನು ಅಂಕ ಕೊಡುವುದಿಲ್ಲ. ಅದು ಲೆಕ್ಕದಿಂದ ಬಂದದ್ದಲ್ಲ, ನೆನಪಿನಿಂದ ಬಂದದ್ದು. −30 ಕ್ಕೆ m = −3 ಬರೆದವರಿಗೂ ಪೂರ್ತಿ ಅಂಕ ಬೇಡ. ಹಳೆಯ ಪದ್ಧತಿಯನ್ನೇ ಕೊನೆಯವರೆಗೂ ಹಿಡಿದು +3 ತಂದವರಿದ್ದರೆ ಅವರ ಭೌತವಿಜ್ಞಾನ ಸರಿಯಿದೆ. ಅಂಕ ಕೊಟ್ಟು, ಇನ್ನು ಮುಂದೆ ಪುಸ್ತಕದ ಪದ್ಧತಿಯಲ್ಲಿ ಬರೆಯಲು ಹೇಳಿ.

ಚಿತ್ರವೂ ಬೇಡ, ಸೂತ್ರವೂ ಬೇಡ, ಕಣ್ಣಿಗೇ ತೋರಿಸಿ ಎನ್ನುವ ಮಕ್ಕಳಿಗೆ ಲ್ಯಾಬಿನ ಮಸೂರ ಸಾಕು. ಮೊದಲು ಕಿಟಕಿಯಾಚೆ ದೂರದ ಅಡಿಕೆ ಮರದ ಪ್ರತಿಬಿಂಬವನ್ನು ಕಾಗದದ ಮೇಲೆ ಹಿಡಿದು ಸಂಗಮದೂರ ಸುಮಾರು 15 ಇದೆಯೇ ನೋಡಿಕೊಳ್ಳಿ. ಮರ ತಲೆಕೆಳಗಾಗಿ ಕಾಣುತ್ತದೆ. ಮಳೆಗಾಲದ ಮೋಡದಲ್ಲಿ ಮಂಕಾಗಿ ಕಂಡರೆ ಕೋಣೆಯ ದೀಪ ಆರಿಸಿ, ಕಾಗದವನ್ನು ಕಿಟಕಿಯ ಎದುರಿನ ಗೋಡೆಯ ಕಡೆಗೆ ತನ್ನಿ. ಆಮೇಲೆ ಮಸೂರವನ್ನು ಸ್ಟ್ಯಾಂಡಿಗೆ ನಿಲ್ಲಿಸಿ 10 ಸೆಂ.ಮೀ. ಹಿಂದೆ ಒಂದು ಗಿಡ್ಡ ಪೆನ್ಸಿಲ್ ಇಡಿ, 30 ಸೆಂ.ಮೀ. ಹಿಂದೆ ಒಂದು ಉದ್ದದ ಕಡ್ಡಿ. ಕಡ್ಡಿಯ ತುದಿ ಮಸೂರದ ಅಂಚಿನ ಮೇಲೆ ಕಾಣುವಷ್ಟು ಎತ್ತರ ಇರಬೇಕು.

ಮಗು ಈಚೆ ಬದಿಯಿಂದ ಒಂದೇ ಕಣ್ಣಲ್ಲಿ ನೋಡಲಿ. ಮಸೂರದೊಳಗೆ ಪೆನ್ಸಿಲ್ ದೊಡ್ಡದಾಗಿ ಕಾಣುತ್ತದೆ, ಮೇಲೆ ಕಡ್ಡಿ ಇದ್ದ ಹಾಗೆಯೇ ಕಾಣುತ್ತದೆ. ತಲೆಯನ್ನು ಸ್ವಲ್ಪ ಎಡಕ್ಕೆ, ಬಲಕ್ಕೆ ಆಡಿಸಿದಾಗ ಎರಡೂ ಬಿಡದೆ ಜೊತೆಯಾಗಿ ಸರಿದರೆ, ಎರಡೂ ಒಂದೇ ದೂರದಲ್ಲಿವೆ ಎಂದರ್ಥ. ಕಡ್ಡಿಯನ್ನು 20 ಕ್ಕೆ ತಂದು ನೋಡಿ, ಎರಡೂ ಬೇರೆ ಬೇರೆಯಾಗಿ ಸರಿಯುತ್ತವೆ. ಮಸೂರದ ಅಂಚಿನಲ್ಲಿ ಆಕಾರ ಸ್ವಲ್ಪ ಬಾಗುವುದರಿಂದ ನಡುಭಾಗದಲ್ಲೇ ನೋಡಬೇಕು. ಒಂದೆರಡು ಸೆಂ.ಮೀ. ಆಚೀಚೆ ಬರುವುದು ಸಹಜ. ಅಷ್ಟಾದರೂ ಪ್ರತಿಬಿಂಬ ಹಿಂದುಗಡೆ ಇದೆ, 6 ರಲ್ಲಿ ಇಲ್ಲ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಮುಂದಿನ ಪರೀಕ್ಷೆಗೆ ಇದರ ಜೊತೆ ಇನ್ನೊಂದು ಲೆಕ್ಕ ಸೇರಿಸಿ: 15 ಸೆಂ.ಮೀ. ಸಂಗಮದೂರದ ನಿಮ್ನ ಮಸೂರ, ವಸ್ತು ಅದೇ 10 ಸೆಂ.ಮೀ. ದೂರದಲ್ಲಿ. f = −15 ಹಾಕಿದರೆ v = −6, m = +0.6. ಪ್ರತಿಬಿಂಬ ಮಿಥ್ಯ, ನೇರ, ಚಿಕ್ಕದು. ಇಲ್ಲಿ f ಗೆ ಮೈನಸ್ ಹಾಕಲು ಮರೆತವರಿಗೆ −30, +3 ಬರುತ್ತದೆ. ಅದು ಪೀನ ಮಸೂರದ ಉತ್ತರ, ನಿಮ್ನ ಮಸೂರ ನಿಜವಾದ ವಸ್ತುವನ್ನು ದೊಡ್ಡದು ಮಾಡಿ ತೋರಿಸುವುದಿಲ್ಲ. ಚಿಹ್ನೆಗಳನ್ನೆಲ್ಲ ಬಿಟ್ಟು 1/v + 1/u = 1/f ಹಾಕುವವರಿಗೂ ಇಲ್ಲಿ −30 ಬರುತ್ತದೆ. ಎರಡು ಲೆಕ್ಕದಲ್ಲೂ ಒಂದೇ ಮಗುವಿಗೆ −30 ಬಂದಿದ್ದರೆ, ಬೆಲೆ ಹಾಕಿದ ಸಾಲಿನಲ್ಲಿ f ನ ಚಿಹ್ನೆಯನ್ನು ಮೊದಲು ನೋಡಿ, ಆಮೇಲೆ ಸೂತ್ರವನ್ನು.