ಆಡಿಟರ್ ಹೇಳಿದ ಲಾಭ, ಅಂಗಡಿಯ ನಿಜವಾದ ಲಾಭ

ಓದುಗರ ಪತ್ರ: "ಕಲಬುರಗಿಯಲ್ಲಿ ನಮ್ಮ ಕಿರಾಣಿ ಅಂಗಡಿ ಇದೆ. ಮಳಿಗೆ ಸ್ವಂತದ್ದು. ಅಂಥದ್ದೇ ಪಕ್ಕದ ಮಳಿಗೆ 9 ಸಾವಿರಕ್ಕೆ ಬಾಡಿಗೆಗೆ ಹೋಗಿದೆ. ಮಧ್ಯಾಹ್ನ ಹೆಂಡತಿ ಅಂಗಡಿಯಲ್ಲಿ ಕೂಡುತ್ತಾಳೆ, ಮೊದಲು ಹೊಲಿಗೆಯಿಂದ ತಿಂಗಳಿಗೆ 4 ಸಾವಿರ ತರುತ್ತಿದ್ದಳು. ಖರ್ಚೆಲ್ಲ ಕಳೆದು ತಿಂಗಳಿಗೆ 32 ಸಾವಿರ ಲಾಭ ಅಂತ ಆಡಿಟರ್ ಹೇಳುತ್ತಾರೆ. ಕಾಲೇಜು ಓದುವ ತಮ್ಮನ ಮಗ, 'ಕಾಕಾ, ನಿಮಗೆ ಲಾಭವೇ ಇಲ್ಲ. ಅಂಗಡಿ ಮುಚ್ಚಿ ದಾಲ್ ಮಿಲ್‌ನವರು ಕರೆದ 15 ಸಾವಿರದ ಕೆಲಸಕ್ಕೆ ಹೋಗಿ' ಎನ್ನುತ್ತಾನೆ. ಯಾರ ಮಾತು ಖರೆ?"

ಉತ್ತರ: ನಮಸ್ಕಾರ. ಆಡಿಟರ್ ಲೆಕ್ಕ ಸರಿ ಇದೆ. ಹುಡುಗನ ಲೆಕ್ಕವೂ ಹೆಚ್ಚುಕಡಿಮೆ ಸರಿ ಇದೆ. ಆದರೆ ಅದರಿಂದ ಅವನು ತೆಗೆದ ತೀರ್ಮಾನ ಸರಿಯಿಲ್ಲ.

ಆಡಿಟರ್ ನೋಡುವುದು ಕೈಬಿಟ್ಟು ಹೋದ ದುಡ್ಡನ್ನು. ಮಾಲಿಗೆ ಕೊಟ್ಟದ್ದು, ಕರೆಂಟ್ ಬಿಲ್ಲು, ಹಮಾಲಿ, ಬ್ಯಾಂಕ್ ಸಾಲದ ಬಡ್ಡಿ, ಫ್ರಿಜ್‌ನ ಸವಕಳಿ ಇವೆಲ್ಲ ಕಳೆದು ಉಳಿದದ್ದು ಲೆಕ್ಕಪತ್ರದ ಲಾಭ. ಆದರೆ ಅಂಗಡಿ ನಡೆಯುವುದು ಇಷ್ಟರಿಂದಲೇ ಅಲ್ಲ, ಅಲ್ವಾ? ನಿಮ್ಮ ಮಳಿಗೆ, ನಿಮ್ಮ ದುಡ್ಡು, ನೀವು, ನಿಮ್ಮ ಮನೆಯವರು ಎಲ್ಲರೂ ಅದರೊಳಗೆ ದುಡಿಯುತ್ತಿದ್ದೀರಿ. ಯಾರಿಗೂ ಬಿಲ್ಲಿಲ್ಲ. ಇವು ಬೇರೆ ಕಡೆ ಎಷ್ಟು ತರುತ್ತಿದ್ದವೋ ಅದನ್ನೂ ಕಳೆದರೆ ಉಳಿಯುವುದು ಆರ್ಥಿಕ ಲಾಭ.

ನಿಮ್ಮ ಲೆಕ್ಕವನ್ನೇ ಹಾಕೋಣ. ಮಳಿಗೆಗೆ 9 ಸಾವಿರ. ನಿಮ್ಮ ದುಡಿಮೆಗೆ 15 ಸಾವಿರ. ಮನೆಯವರದು 4 ಸಾವಿರ. ಅವರ ಜಾಗದಲ್ಲಿ ಆಳು ಇಟ್ಟರೆ ಎಷ್ಟು ಕೊಡಬೇಕು ಎಂಬುದು ಇಲ್ಲಿ ಬರುವುದಿಲ್ಲ. ಅವರು ಬಿಟ್ಟುಕೊಟ್ಟ ಹೊಲಿಗೆಯ ಗಳಿಕೆ ಮಾತ್ರ ಬರುತ್ತದೆ. ಇನ್ನು ಅಂಗಡಿಯಲ್ಲಿರುವ ದುಡ್ಡನ್ನು ನೀವು ಬರೆದಿಲ್ಲ, ಒಂದು ಅಂದಾಜು ಇಟ್ಟುಕೊಳ್ಳುತ್ತೇನೆ. ಮಾಲು ಕೊಂಡ ದರದಲ್ಲಿ 5.5 ಲಕ್ಷ, ಜನರ ಕಡೆ ಉದ್ರಿ 1.5 ಲಕ್ಷ. ಅದರಲ್ಲಿ ಗಂಜ್‌ನ ಹೋಲ್‌ಸೇಲ್‌ನವರಿಗೆ ಕೊಡಬೇಕಾದ 1 ಲಕ್ಷ ಕಳೆದರೆ ನಿಮ್ಮ ಸ್ವಂತ ದುಡ್ಡು 6 ಲಕ್ಷ. ಬ್ಯಾಂಕಿನಲ್ಲಿ ನೂರಕ್ಕೆ 7ರಂತೆ ಇಟ್ಟರೆ ವರ್ಷಕ್ಕೆ 42 ಸಾವಿರ, ತಿಂಗಳಿಗೆ 3,500. ಸಾಲ ತಂದ ದುಡ್ಡನ್ನು ಇದರಲ್ಲಿ ಸೇರಿಸಬೇಡಿ. ಅದರ ಬಡ್ಡಿಯನ್ನು ಆಡಿಟರ್ ಆಗಲೇ ಕಳೆದಿದ್ದಾರೆ, ಇಲ್ಲದಿದ್ದರೆ ಒಂದೇ ಖರ್ಚು ಎರಡು ಸಲ ಬರುತ್ತದೆ.

ಎಲ್ಲ ಕೂಡಿದರೆ 31,500. ಉಳಿಯುವ ಆರ್ಥಿಕ ಲಾಭ ತಿಂಗಳಿಗೆ 500 ರೂಪಾಯಿ!

ಇದನ್ನು ನೋಡಿಯೇ ಹುಡುಗ "ಲಾಭ ಇಲ್ಲ" ಎಂದಿರಬೇಕು. ಆದರೆ ಆರ್ಥಿಕ ಲಾಭ ಸೊನ್ನೆ ಎಂದರೆ ಅಂಗಡಿ ಮುಳುಗುತ್ತಿದೆ ಎಂದಲ್ಲ. ನಿಮ್ಮ ಸಂಬಳ, ಮನೆಯವರ ಗಳಿಕೆ, ಮಳಿಗೆಯ ಬಾಡಿಗೆ, ದುಡ್ಡಿನ ಬಡ್ಡಿ ಎಲ್ಲವನ್ನೂ ಅಂಗಡಿ ಪೂರಾ ಕೊಟ್ಟಿದೆ, ಅದರ ಮೇಲೆ 500 ಉಳಿಸಿದೆ ಎಂದು. ಬೇರೆ ದಾರಿ ಹಿಡಿದರೂ ಮನೆಗೆ ಬರುವುದು ಹತ್ತಿರಹತ್ತಿರ ಇಷ್ಟೇ. ಹೀಗಿರುವಾಗ ಮುಚ್ಚಲು ಕಾರಣವೇ ಇಲ್ಲ. ಇದು ತಿಂಗಳಿಗೆ ನಾಲ್ಕೈದು ಸಾವಿರ ಮೈನಸ್ ಬಂದು, ವರ್ಷವಿಡೀ ಹಾಗೇ ಇದ್ದರೆ ಆಗ ಯೋಚನೆ ಮಾಡಬೇಕಾದ್ದೇ.

ಈ ಲೆಕ್ಕ ಕೆಡುವುದು ಸಾಮಾನ್ಯವಾಗಿ "ಬೇರೆ ಕಡೆ ಎಷ್ಟು ಸಿಗುತ್ತಿತ್ತು" ಎಂಬ ಅಂಕಿಯಲ್ಲಿ. ದಾಲ್ ಮಿಲ್ ಕೆಲಸ ವರ್ಷಪೂರ್ತಿ ಇರುತ್ತದಾ, ತೊಗರಿ ಬರುವಾಗ ಮಾತ್ರವಾ? ಎಂಟೇ ತಿಂಗಳು ಎಂದಾದರೆ ತಿಂಗಳಿಗೆ ಬೀಳುವುದು 10 ಸಾವಿರ, ನಿಮ್ಮ ಆರ್ಥಿಕ ಲಾಭ ಒಮ್ಮೆಲೇ 5,500ಕ್ಕೆ ಏರುತ್ತದೆ. ಇನ್ನೊಂದು ಕಡೆ, ಅಲ್ಲಿ ಒಂಬತ್ತು ತಾಸು ದುಡಿದು ಸಂಜೆ ಮನೆಗೆ ಬರುತ್ತೀರಿ. ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ರಾತ್ರಿಯ ತನಕ ನಿಂತೇ ಇರುತ್ತೀರಿ. ಆ ಹೆಚ್ಚಿನ ತಾಸುಗಳಿಗೆ ನೀವೇ ಒಂದು ಬೆಲೆ ಕಟ್ಟಬೇಕು, ನಾನು ಹೇಳಲಾರೆ.

ಮುಚ್ಚಿದರೆ 6 ಲಕ್ಷ ಪೂರ್ತಿ ಕೈಗೆ ಬರುತ್ತದೆ ಎಂದೂ ತಿಳಿಯಬೇಡಿ. ಉಳಿದ ಮಾಲನ್ನು ಕೊಂಡದ್ದಕ್ಕಿಂತ ಕಡಿಮೆಗೇ ಕೊಡಬೇಕಾಗುತ್ತದೆ. ತೊಗರಿ ರಾಶಿ ಆದ ಮೇಲೆ ಕೊಡುತ್ತೇನೆ ಎಂದವರು, ಅಂಗಡಿಯೇ ಇಲ್ಲವಾದಾಗ ಅಷ್ಟು ಸುಲಭಕ್ಕೆ ಕೊಡುವುದಿಲ್ಲ. 80 ಸಾವಿರ ಕೊಟ್ಟು ಮಾಡಿಸಿದ ರ‍್ಯಾಕ್‌ಗಳಿಗೆ ಇವತ್ತು ಹಳೇ ಸಾಮಾನಿನ ದರವೇ. ಹಾಕಿದ 80 ಸಾವಿರ ಹೋದದ್ದು ಹೋಯಿತು, ಮುಚ್ಚಬೇಕಾ ಬೇಡವಾ ಎನ್ನುವಾಗ ಈಗ ಎಷ್ಟು ಬರುತ್ತದೆ ಎಂಬುದಷ್ಟನ್ನೇ ಹಿಡಿಯಿರಿ.

ನನಗೆ ಜಾಸ್ತಿ ಕಾಡಿದ್ದು ಮನೆಯವರ 4 ಸಾವಿರ. ಅದು ಯಾವ ವಹಿಯಲ್ಲೂ ಇಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದು ಆ ಹೊತ್ತಿನ ವ್ಯಾಪಾರದಿಂದ ತಿಂಗಳಿಗೆ ಉಳಿಯುವುದು 4 ಸಾವಿರಕ್ಕಿಂತ ಕಡಿಮೆ ಎಂದಾದರೆ, ಆಗ ಬಾಗಿಲು ಹಾಕಿ ಅವರು ಹೊಲಿಗೆಗೆ ಕೂತರೇ ಮನೆಗೆ ಲಾಭ. ಒಂದು ತಿಂಗಳು ಮಧ್ಯಾಹ್ನದ ಗಲ್ಲಾ ಬೇರೆ ಬರೆದಿಡಿ. ಅಂಗಡಿ ಪೂರ್ತಿ ಮುಚ್ಚುವ ಪ್ರಶ್ನೆಗಿಂತ ಮೊದಲು ಕೇಳಬೇಕಾದ್ದು ಇದು.

ಈ ಅಂಕಿಗಳನ್ನು ಆಡಿಟರ್‌ಗೆ ಕೊಟ್ಟು ಲಾಭ ಕಡಿಮೆ ತೋರಿಸಿ ಎನ್ನಬೇಡಿ. ಒಬ್ಬರದೇ ಹೆಸರಿನ ಅಂಗಡಿಯಲ್ಲಿ ಮಾಲೀಕ ತನಗೆ ತಾನೇ ಕೊಟ್ಟುಕೊಂಡ ಸಂಬಳ, ಸ್ವಂತ ಮಳಿಗೆಯ ಬಾಡಿಗೆ, ಸ್ವಂತ ದುಡ್ಡಿನ ಬಡ್ಡಿ ಇವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚು ಎಂದು ಒಪ್ಪುವುದಿಲ್ಲ. ಆ ಲೆಕ್ಕಕ್ಕೆ 32 ಸಾವಿರವೇ ಸರಿ.