ಪ್ಲೇಸ್‌ಮೆಂಟ್ ಗ್ಯಾರಂಟಿ ಇರುವ ಮೆಡಿಕಲ್ ಕೋಡಿಂಗ್ ಕೋರ್ಸಿಗೆ ಸೇರಬಹುದಾ?

ಪ್ರಶ್ನೆ: ಮಂಜೇಶ್ವರದವಳು, ಬಿ.ಎಸ್ಸಿ ಆಗಿದೆ. ಮಂಗಳೂರಿನಲ್ಲಿ 60 ಸಾವಿರದ ಮೆಡಿಕಲ್ ಕೋಡಿಂಗ್ ಕೋರ್ಸ್. ಕೆಲಸ ಸಿಗದಿದ್ದರೆ ಹಣ ವಾಪಸ್ ಅಂತಾರೆ, ಕಂತಿನಲ್ಲೂ ಕಟ್ಟಬಹುದಂತೆ. ನಂಬಬಹುದಾ?

ನಾನು ಕುಂಬಳೆಯವಳು. ಇದೇ ಕೋರ್ಸ್, ಇದೇ ಊರು, ಫೀಸೂ ಅಷ್ಟೇ. 6 ಸಾವಿರ ಕೈಯಲ್ಲಿ ಕೊಟ್ಟೆ. ಉಳಿದ 54 ಸಾವಿರಕ್ಕೆ ತಿಂಗಳಿಗೆ 4,500ರಂತೆ 12 ಕಂತು. ಆಫೀಸಿನ ಹುಡುಗಿ ನನ್ನ ಮೊಬೈಲ್ ಇಸ್ಕೊಂಡು, "ಒಟಿಪಿ ಹೇಳಿ ಅಕ್ಕ, ಕಂತಿಗೆ ಅಷ್ಟೇ" ಅಂದಳು. ಹೇಳಿದೆ.

ನಾನು ಮುಳುಗಿದ್ದು ಅಲ್ಲೇ. ಕಂತು ಕಟ್ಟುವುದು ಸಂಸ್ಥೆಗೆ ಅಂದುಕೊಂಡಿದ್ದೆ. ಆದರೆ ಆ ಒಟಿಪಿಯಿಂದ ಒಂದು ಫೈನಾನ್ಸ್ ಕಂಪನಿಯಲ್ಲಿ ನನ್ನ ಹೆಸರಿಗೆ ಸಾಲ ಆಯಿತು. ನನ್ನ ಬ್ಯಾಂಕ್ ಖಾತೆಯಿಂದ ತಾನಾಗೇ ಕಂತು ಕಡಿಯಲು ಒಪ್ಪಿಗೆಯೂ ಆಯಿತು. ಸಾಲದ ಹಣ ನೇರ ಸಂಸ್ಥೆಗೆ ಹೋಯಿತು. ಅಂದರೆ ಪಾಠ ಶುರುವಾಗುವ ಮೊದಲೇ ಅವರಿಗೆ ಬರಬೇಕಾದ್ದು ಬಂದಾಗಿತ್ತು. ಆಮೇಲೆ ನಾನು ಕೋರ್ಸ್ ಬಿಟ್ಟರೂ, ಕೆಲಸ ಸಿಗದಿದ್ದರೂ ಸಾಲ ನನ್ನದೇ. ಜಗಳ ಸಂಸ್ಥೆಯ ಜೊತೆ, ಕಂತು ಬೇರೆಯವರಿಗೆ. ಕಂತು ತಪ್ಪಿದರೆ ಬೌನ್ಸ್ ಚಾರ್ಜ್, ಸಿಬಿಲ್ ಸ್ಕೋರೂ ಬೀಳುತ್ತದೆ.

ಗ್ಯಾರಂಟಿ ಏನಾಯಿತು ಅಂತೀರಾ? ಷರತ್ತಿನ ಹಾಳೆಯಲ್ಲಿತ್ತು: ಹಾಜರಿ 90%, ಕರೆದ ಇಂಟರ್‌ವ್ಯೂಗೆಲ್ಲ ಹೋಗಬೇಕು, ಸಿಕ್ಕಿದ ಮೊದಲ ಆಫರ್ ಬೇಡ ಅಂದರೆ ಹಣ ವಾಪಸಿಲ್ಲ. ನನಗೆ ಸಿಕ್ಕಿದ್ದು ಚೆನ್ನೈಯಲ್ಲಿ ರಾತ್ರಿ ಪಾಳಿಯ ಕಾಲ್ ಸೆಂಟರ್ ಕೆಲಸ, ತಿಂಗಳಿಗೆ 11 ಸಾವಿರ. ರೋಗ, ಚಿಕಿತ್ಸೆಯ ದಾಖಲೆಗೆ ಕೋಡ್ ಹಾಕುವ ಕೋಡಿಂಗ್ ಕೆಲಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬೇಡ ಅಂದೆ. ಗ್ಯಾರಂಟಿ ಅಲ್ಲಿಗೆ ಮುಗಿಯಿತು.

ಹಾಗಾಗಿ ಗ್ಯಾರಂಟಿ ನಂಬಬಹುದಾ ಅನ್ನುವ ಪ್ರಶ್ನೆಯನ್ನೇ ಬಿಡಿ. ಹಿಂದಿನ ಬ್ಯಾಚಿನ ಇಬ್ಬರ ಆಫರ್ ಲೆಟರ್ ನೋಡಿ. ಹುದ್ದೆ ಕೋಡರ್ ಅಂತ ಇದೆಯಾ, ಕಾಲ್ ಸೆಂಟರಾ? ಸಂಸ್ಥೆಯ ಸರ್ಟಿಫಿಕೇಟಿಗಿಂತ ಕಂಪನಿಗಳು ನೋಡುವುದು ಎಎಪಿಸಿ ಅನ್ನುವ ಅಮೆರಿಕದ ಕೋಡರ್‌ಗಳ ಸಂಸ್ಥೆ ನಡೆಸುವ ಸಿಪಿಸಿ ಪರೀಕ್ಷೆ. 4 ಗಂಟೆಯಲ್ಲಿ 100 ಪ್ರಶ್ನೆ, ಪಾಸಾಗಲು 70%. ಅನುಭವ ಇಲ್ಲದವರಿಗೆ ಪಾಸಾದರೂ ಮೊದಲು ಸಿಗುವುದು ಸಿಪಿಸಿ-ಎ, ಅಂದರೆ ಅಪ್ರೆಂಟಿಸ್ ದರ್ಜೆ. ಆ ಪರೀಕ್ಷೆಯ ಫೀಸ್ ನಿಮ್ಮ 60 ಸಾವಿರದಲ್ಲಿ ಸೇರಿದೆಯಾ ಕೇಳಿ. ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಕಂತು ಅಂದರೆ ಯಾರಿಗೆ ಅಂತ ಕೇಳಿ, ಬಡ್ಡಿ, ಚಾರ್ಜು ಎಲ್ಲ ಬರೆದಿರುವ ಸಾಲದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಓದುವವರೆಗೆ ಒಟಿಪಿ ಕೊಡಬೇಡಿ. ಆ್ಯಪ್‌ನಲ್ಲಿ ಕೊಡುವ ಇಂಥ ಸಾಲದಿಂದ ದಂಡ ಇಲ್ಲದೆ ಹೊರಬರಲು ಆರ್‌ಬಿಐ ನಿಯಮದ ಪ್ರಕಾರ ಕನಿಷ್ಠ ಒಂದು ದಿನ ಅವಕಾಶ ಇದೆ. ಆದರೆ ಅಸಲು ವಾಪಸ್ ಕಟ್ಟಬೇಕು, ಅಸಲು ಇರುವುದು ಸಂಸ್ಥೆಯ ಹತ್ತಿರ! ಅದಕ್ಕೇ ಮೊದಲೇ ಎಚ್ಚರ ಬೇಕು ಅನ್ನುವುದು.

ಈಗಾಗಲೇ ಕಟ್ಟಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಸಂಸ್ಥೆ ಮಂಗಳೂರಿನದ್ದಾದರೂ ನಿಮ್ಮ ಮನೆ ಇರುವ ಕಾಸರಗೋಡಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಗಡುವು 2 ವರ್ಷ. ನನಗೆ ಇದೆಲ್ಲ ಗೊತ್ತಾಗುವಾಗ ಆ ಗಡುವು ಮುಗಿದಿತ್ತು.