ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಬೂಟಿಕ್ ಮಾರಾಟ: ನನ್ನ ಉತ್ತರ

“ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದು ಚಿಕ್ಕ ಬೂಟಿಕ್. ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಒಂದೇ ಸೇಲ್ ಹಾಕೋಣ ಅಂತಿದ್ದೇನೆ. ಮಾಲು, ರಿಯಾಯಿತಿ, ಕೆಲಸದವರು, ಪ್ರಚಾರ ಹೇಗೆ ಹೊಂದಿಸಲಿ?”

ನಮಸ್ಕಾರ ಮೇಡಂ. ಒಂದೇ ಸೇಲ್ ಬೇಡವೆಂಬುದು ನನ್ನ ಸಲಹೆ, ಏಕೆಂದರೆ ನಡುವೆ ಪಿತೃಪಕ್ಷ ಬರುತ್ತದೆ. ಭಾದ್ರಪದ ಹುಣ್ಣಿಮೆಯ ನಂತರ ಮಹಾಲಯ ಅಮಾವಾಸ್ಯೆಯವರೆಗೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೊಸ ಬಟ್ಟೆ ಕೊಳ್ಳುವುದಿಲ್ಲ. ಆ ದಿನಗಳಲ್ಲಿ ರಿಯಾಯಿತಿಯ ಬೋರ್ಡು ತೂಗಿದರೆ ಗಿರಾಕಿ ಬರುವುದಿಲ್ಲ, ನವರಾತ್ರಿಯ ಹೊತ್ತಿಗೆ ಆ ಬೋರ್ಡನ್ನು ಯಾರೂ ಗಮನಿಸುವುದೂ ಇಲ್ಲ.

ಎಲ್ಲದಕ್ಕೂ ಶೇ. 20 ಕಡಿತ ಕೊಟ್ಟರೆ ಮಾಲು ಬೇಗ ಖಾಲಿಯಾಗುತ್ತದೆಂದು ಇದೇ ಪ್ರಶ್ನೆಗೆ ಇನ್ನೊಬ್ಬರು ಬರೆದಿದ್ದಾರೆ. ಮಾಲು ಖಾಲಿಯಾಗುವುದು ನಿಜ, ಆದರೆ ಲಾಭದ ಲೆಕ್ಕ ಬೇರೆ. 600 ರೂಪಾಯಿಗೆ ಬಂದ ಕುರ್ತಾವನ್ನು 1000ಕ್ಕೆ ಮಾರಿದರೆ 400 ಉಳಿಯುತ್ತದೆ; ಶೇ. 20 ಇಳಿಸಿದರೆ ಉಳಿಯುವುದು 200 ಮಾತ್ರ. ಅಂದರೆ 100 ಕುರ್ತಾ ಮಾರಿ ಗಳಿಸುತ್ತಿದ್ದ ಹಣಕ್ಕೆ 200 ಕುರ್ತಾ ಮಾರಬೇಕು. ಚಿಕ್ಕ ಅಂಗಡಿಯಲ್ಲಿ ಅಷ್ಟು ಗಿರಾಕಿಗಳನ್ನು ನೋಡಿಕೊಳ್ಳಲು ಜನವೇ ಸಾಲುವುದಿಲ್ಲ. ಆದ್ದರಿಂದ ಆರು ತಿಂಗಳು ದಾಟಿದ ಮಾಲನ್ನು ಮಾತ್ರ ಗೌರಿ ಹಬ್ಬಕ್ಕೆ ಎರಡು ವಾರ ಮೊದಲು ಬೇರೆ ಸ್ಟ್ಯಾಂಡಿನಲ್ಲಿಟ್ಟು ಕಡಿತದಲ್ಲಿ ಮಾರಿ, ಆ ಹಣವನ್ನು ದಸರೆಯ ಹೊಸ ಮಾಲಿಗೆ ಹಾಕಿ. ಹೊಸ ಮಾಲನ್ನು ನವರಾತ್ರಿಯಲ್ಲಿ ಪೂರ್ಣ ಬೆಲೆಗೇ ಮಾರಿ.

ಮಾಲು ತರಿಸುವಾಗ ಅಂದಾಜಿನ ಮೂರನೇ ಎರಡು ಭಾಗವನ್ನಷ್ಟೇ ಮೊದಲು ತರಿಸಿ, ಉಳಿದದ್ದನ್ನು ನವರಾತ್ರಿಯ ಮೊದಲ ಮೂರು ದಿನದ ಮಾರಾಟ ನೋಡಿ ತರಿಸುವುದು ಕ್ಷೇಮ. ಒಮ್ಮೆ ನಾನು ಒಂದೇ ಬಣ್ಣದ ಸೀರೆಗಳನ್ನು ಒಟ್ಟಿಗೆ ತರಿಸಿ, ಯುಗಾದಿಯವರೆಗೂ ಕಪಾಟಿನಲ್ಲಿ ನೋಡಬೇಕಾಯಿತು. ಸೈಜು ವಿಷಯದಲ್ಲಿ ಮೊದಲು ಮುಗಿಯುವುದು ಎಲ್ ಮತ್ತು ಎಕ್ಸ್‌ಎಲ್. ನಿಮ್ಮ ಕಳೆದ ವರ್ಷದ ಬಿಲ್ಲುಗಳನ್ನು ಒಮ್ಮೆ ಪರೀಕ್ಷಿಸಿ.

ಪಿತೃಪಕ್ಷದ ದಿನಗಳನ್ನು ಮಾಲು ಎಣಿಸಲು, ಬೆಲೆ ಚೀಟಿ ಹಚ್ಚಲು, ಹಂಗಾಮಿಗೆ ಬರುವ ಇಬ್ಬರು ಹುಡುಗಿಯರಿಗೆ ಕೆಲಸ ಕಲಿಸಲು ಬಳಸಿ. ಆಯುಧಪೂಜೆ ಮತ್ತು ಜಂಬೂಸವಾರಿಯ ದಿನ ಬಸ್ಸುಗಳ ಮಾರ್ಗ ಬದಲಾಗುವುದರಿಂದ, ದೂರದಿಂದ ಬರುವ ಕೆಲಸದವರನ್ನು ನೆಚ್ಚಿಕೊಳ್ಳಬೇಡಿ. ಹತ್ತಿರದವರನ್ನು ಮೊದಲೇ ಗೊತ್ತುಮಾಡಿ.

ಪ್ರಚಾರಕ್ಕೆ ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ವಾಟ್ಸಾಪ್ ಸ್ಟೇಟಸ್‌ನಲ್ಲಿ ಹೊಸ ಮಾಲಿನ ಚಿತ್ರ ಹಾಕುವುದು ಸಾಕು. ಆದರೆ ಬ್ಲೌಸ್ ಹೊಲಿಸಿಕೊಳ್ಳುವವರಿಗೆ ಅದು ತಡವಾಗುತ್ತದೆ. ಅವರಿಗೆ ಗಣೇಶನ ಹಬ್ಬದ ಮರುದಿನವೇ, ಟೈಲರ್ ಎಂದಿನವರೆಗೆ ಆರ್ಡರ್ ತೆಗೆದುಕೊಳ್ಳುತ್ತಾರೆಂದು ಬೇರೆಯಾಗಿ ತಿಳಿಸಿ.

ಇಲ್ಲೇ ಉತ್ತರಿಸಿರುವ, ಮಕ್ಕಳ ಬಟ್ಟೆ ಮಾರುವ ಸಹೋದರರು ತಮಗೆ ದೀಪಾವಳಿಯೇ ದೊಡ್ಡದೆಂದು ಹೇಳಿದ್ದಾರೆ. ಅವರ ಅಂಗಡಿಗೆ ಅದು ಸರಿಯಿರಬಹುದು. ನಿಮಗೆ ದೀಪಾವಳಿಗೆ ಮತ್ತೊಮ್ಮೆ ಮಾಲು ಬೇಕೋ ಬೇಡವೋ ಎಂಬುದನ್ನು ವಿಜಯದಶಮಿಯ ಮರುದಿನ ಉಳಿದ ಮಾಲು ಎಣಿಸಿದ ಮೇಲೆಯೇ ನಿರ್ಧರಿಸಬೇಕು. ಹಳೆಯ ಮಾಲು ಸದ್ಯಕ್ಕೆ ಎಷ್ಟಿದೆಯೆಂದು ಇಲ್ಲೇ ತಿಳಿಸಿದರೆ ಕಡಿತದ ಪ್ರಮಾಣವನ್ನು ಒಟ್ಟಿಗೆ ನೋಡೋಣ.